64 ಡಾಲರಿನ ಗಂಟು

ಒಬ್ಬನ ಕೈಯಲ್ಲಿ ಒಂದು ಷೇರಿದೆ. ಅದನ್ನು 100 ಡಾಲರಿಗೆ ಮಾರುವ ಹಕ್ಕೂ ಅವನ ಬಳಿ ಇದೆ. ಹಕ್ಕು ಕೊಂಡಾಗ ಷೇರು 100 ಡಾಲರಿನಲ್ಲೇ ಇತ್ತು. ಒಂದು ವರ್ಷದಲ್ಲಿ ಎರಡು ಪೆಟ್ಟು ತಿಂದು 64ಕ್ಕೆ ಇಳಿದಿದೆ. ಹಕ್ಕಿನ ಅವಧಿ ಮುಗಿಯಲು ಇನ್ನೂ ಆರು ತಿಂಗಳು ಬಾಕಿ. ಈಗಲೇ ಹಕ್ಕು ಚಲಾಯಿಸಿ 100 ಡಾಲರ್ ಎಣಿಸಿಕೊಳ್ಳುವುದೇ, ಕೊನೆಯ ದಿನದವರೆಗೆ ಕಾಯುವುದೇ?

ಈ ಪ್ರಶ್ನೆ ಕೇಳಿಕೊಳ್ಳುವ ಅವಕಾಶವೇ ಎಲ್ಲರಿಗೂ ಇರುವುದಿಲ್ಲ. ಷೇರನ್ನು ಮೊದಲೇ ಗೊತ್ತುಮಾಡಿದ ಬೆಲೆಗೆ ಮಾರುವ ಹಕ್ಕಿಗೆ ಪೇಟೆಯಲ್ಲಿ ಪುಟ್ ಆಪ್ಷನ್ ಎನ್ನುತ್ತಾರೆ, ಆ ಗೊತ್ತಾದ ಬೆಲೆಗೆ ಸ್ಟ್ರೈಕ್ ಬೆಲೆ ಎಂದು ಹೆಸರು. ಅವಧಿಯೊಳಗೆ ಯಾವ ದಿನ ಬೇಕಾದರೂ ಚಲಾಯಿಸಬಹುದಾದ ಪುಟ್ ಅಮೆರಿಕನ್. ಕೊನೆಯ ದಿನ ಮಾತ್ರ ಚಲಾಯಿಸಬಹುದಾದದ್ದು ಯುರೋಪಿಯನ್. ಹೆಸರಿಗೂ ಭೂಪಟಕ್ಕೂ ಸಂಬಂಧವಿಲ್ಲ. ಅಮೆರಿಕದ ಪೇಟೆಯಲ್ಲೇ ಎರಡೂ ಇವೆ: ಬಿಡಿ ಕಂಪನಿಗಳ ಷೇರಿನ ಆಪ್ಷನ್‌ಗಳು ಸಾಮಾನ್ಯವಾಗಿ ಅಮೆರಿಕನ್ ಬಗೆಯವು, ಎಸ್ ಅಂಡ್ ಪಿ 500 ಸೂಚ್ಯಂಕದ ಆಪ್ಷನ್ ಯುರೋಪಿಯನ್ ಬಗೆಯದು.

ಮಿಕ್ಕೆಲ್ಲ ಷರತ್ತುಗಳು ಒಂದೇ ಆಗಿದ್ದರೆ ಅಮೆರಿಕನ್ ಪುಟ್ಟಿನ ಬೆಲೆ ಯುರೋಪಿಯನ್ನಿನದಕ್ಕಿಂತ ಕಡಿಮೆಯಾಗಲು ಸಾಧ್ಯವಿಲ್ಲ ಎಂಬುದು ಯಾರಿಗಾದರೂ ಹೊಳೆಯುತ್ತದೆ. ಒಂದು ಹಕ್ಕು ಹೆಚ್ಚಿಗೆ ಇದೆಯಲ್ಲ. ಆದರೆ ಎಷ್ಟು ಹೆಚ್ಚು? ಆ ಹೆಚ್ಚಿನ ಹಣ ಬರುವುದು ಎಲ್ಲಿಂದ? ಷಿಕಾಗೋದಲ್ಲಿ ಷೇರು ಆಪ್ಷನ್‌ಗಳಿಗೆಂದೇ ವಿನಿಮಯ ಕೇಂದ್ರ ತೆರೆದದ್ದು 1973ರ ಏಪ್ರಿಲ್‌ನಲ್ಲಿ. ಅದೇ ವರ್ಷ ಫಿಷರ್ ಬ್ಲಾಕ್ ಮತ್ತು ಮೈರನ್ ಷೋಲ್ಸ್ ತಮ್ಮ ಸೂತ್ರವನ್ನು ಪ್ರಕಟಿಸಿದರು. ಯುರೋಪಿಯನ್ ಪುಟ್ಟಿನ ಬೆಲೆ ಆ ಸೂತ್ರದಿಂದ ಒಂದೇ ಏಟಿಗೆ ಸಿಗುತ್ತದೆ. ಅಮೆರಿಕನ್ ಪುಟ್ಟಿಗೆ ಅಂಥ ಸರಳ ಸೂತ್ರ ಇಂದಿಗೂ ಇಲ್ಲ. ಯಾವ ದಿನ, ಯಾವ ಬೆಲೆಯಲ್ಲಿ ಚಲಾಯಿಸುವುದು ಲಾಭ ಎಂಬುದನ್ನೂ ಲೆಕ್ಕದ ಜೊತೆಜೊತೆಗೇ ಕಂಡುಕೊಳ್ಳಬೇಕಾಗಿರುವುದೇ ಅದರ ತೊಡಕು.

ಈ ತೊಡಕನ್ನು ಕಾಗದ ಪೆನ್ಸಿಲ್ಲಿನಲ್ಲಿ ಬಿಡಿಸುವ ದಾರಿ 1979ರಲ್ಲಿ ಬಂತು. ಜಾನ್ ಕಾಕ್ಸ್, ಸ್ಟೀಫನ್ ರಾಸ್, ಮಾರ್ಕ್ ರೂಬಿನ್‌ಸ್ಟೈನ್ ಎಂಬ ಮೂವರು ಬರೆದ ಪ್ರಬಂಧದಲ್ಲಿ ಷೇರಿನ ಬೆಲೆ ಪ್ರತಿ ಹೆಜ್ಜೆಗೂ ಎರಡೇ ಕಡೆ ಕವಲೊಡೆಯುತ್ತದೆ: ಒಂದಿಷ್ಟು ಮೇಲೆ, ಇಲ್ಲವೇ ಒಂದಿಷ್ಟು ಕೆಳಗೆ. ವಿಲಿಯಂ ಶಾರ್ಪ್ ಈ ಯೋಚನೆಯನ್ನು ಮೊದಲು ಮುಂದಿಟ್ಟವರೆಂದು ಅವರೇ ನೆನೆದಿದ್ದಾರೆ. ಕವಲು ಕವಲಾಗಿ ಹರಡುವ ಈ ಚಿತ್ರಕ್ಕೆ ಬೈನಾಮಿಯಲ್ ಟ್ರೀ, ಅಂದರೆ ಇಕ್ಕವಲಿನ ಮರ, ಎಂದು ಹೆಸರು. ಕವಲೊಡೆಯುವ ಒಂದೊಂದು ಜಾಗವೂ ಒಂದು ಗಂಟು.

ಮೇಲಿನ ಷೇರಿಗೇ ಒಂದು ಮರ ನೆಡಬಹುದು. ಒಂದು ಹೆಜ್ಜೆ ಎಂದರೆ ಆರು ತಿಂಗಳು. ಒಟ್ಟು ಮೂರು ಹೆಜ್ಜೆ, ಒಂದೂವರೆ ವರ್ಷ. ಪ್ರತಿ ಹೆಜ್ಜೆಗೂ ಷೇರು ಒಂದೋ ನೂರಕ್ಕೆ 25ರಷ್ಟು ಏರುತ್ತದೆ, ಇಲ್ಲವೇ 20ರಷ್ಟು ಇಳಿಯುತ್ತದೆ. ಬ್ಯಾಂಕಿನಲ್ಲಿಟ್ಟ ಹಣ ಆರು ತಿಂಗಳಿಗೆ ನೂರಕ್ಕೆ ಎರಡೂವರೆ ಬಡ್ಡಿ ಗಳಿಸುತ್ತದೆ. ಷೇರಿಗೆ ಸದ್ಯಕ್ಕೆ ಡಿವಿಡೆಂಡ್ ಇಲ್ಲ. ಬೆಲೆಗಳು ಹೀಗೆ ಹರಡಿಕೊಳ್ಳುತ್ತವೆ:

```
                               195.31
                     156.25
           125                 125
100                  100
           80                  80
                     64
                               51.20
```

ಒಮ್ಮೆ ಏರಿ ಇಳಿದರೂ, ಇಳಿದು ಏರಿದರೂ ಷೇರು 100ಕ್ಕೇ ಮರಳುತ್ತದೆ. ಹಾಗಾಗಿ ಕವಲುಗಳು ಮತ್ತೆ ಮತ್ತೆ ಕೂಡಿಕೊಂಡು ಮರ ಕೈಗೆ ಸಿಗುವಷ್ಟರಲ್ಲಿ ಉಳಿಯುತ್ತದೆ.

ಲೆಕ್ಕ ಶುರುವಾಗುವುದು ಕೊನೆಯಿಂದ. ಕೊನೆಯ ದಿನ ಷೇರು 195.31 ಅಥವಾ 125 ಆಗಿದ್ದರೆ 100 ಡಾಲರಿಗೆ ಮಾರುವ ಹಕ್ಕಿಗೆ ಬೆಲೆಯಿಲ್ಲ. 80 ಆಗಿದ್ದರೆ ಹಕ್ಕಿನ ಬೆಲೆ 20, 51.20 ಆಗಿದ್ದರೆ 48.80. ಇಲ್ಲಿಯವರೆಗೆ ಅಮೆರಿಕನ್ನಿಗೂ ಯುರೋಪಿಯನ್ನಿಗೂ ವ್ಯತ್ಯಾಸವೇ ಇಲ್ಲ.

ಇನ್ನು ಒಂದು ಹೆಜ್ಜೆ ಹಿಂದಕ್ಕೆ ಬಂದು ನಡುವಿನ ಗಂಟಿನಲ್ಲಿ, ಷೇರು 100 ಇರುವಲ್ಲಿ, ನಿಲ್ಲಬೇಕು. ಮುಂದೆ ಷೇರು 125 ಆದರೆ ಪುಟ್ ಶೂನ್ಯ, 80 ಆದರೆ 20. ಇವತ್ತು ಅದರ ಬೆಲೆ ಎಷ್ಟು? ಷೇರು ಏರುವ ಸಂಭವ ಎಷ್ಟೆಂದು ಯಾರನ್ನೂ ಕೇಳಬೇಕಾಗಿಲ್ಲ, ಈ ವಿಧಾನದ ಸೊಗಸು ಇರುವುದೇ ಅಲ್ಲಿ. ಒಬ್ಬ ವ್ಯಾಪಾರಿ 4 ಷೇರುಗಳನ್ನು ಕಡ ತಂದು ಈಗಲೇ ಮಾರುತ್ತಾನೆ ಎನ್ನೋಣ. ಕೈಗೆ 400 ಡಾಲರ್ ಬರುತ್ತದೆ. ಅದಕ್ಕೆ ತನ್ನದೇ 87.80 ಡಾಲರ್ ಸೇರಿಸಿ 487.80ನ್ನು ಬ್ಯಾಂಕಿನಲ್ಲಿಡುತ್ತಾನೆ. ಆರು ತಿಂಗಳಲ್ಲಿ ಅದು ಸರಿಯಾಗಿ 500 ಆಗುತ್ತದೆ. ಷೇರು 125 ಆಗಿದ್ದರೆ ಕಡ ತಂದ ನಾಲ್ಕನ್ನು ಕೊಂಡು ಹಿಂತಿರುಗಿಸಲು 500 ಪೂರ್ತಿ ಖರ್ಚು, ಕೈಯಲ್ಲಿ ಉಳಿಯುವುದು ಸೊನ್ನೆ. 80 ಆಗಿದ್ದರೆ ಖರ್ಚು 320, ಉಳಿಯುವುದು 180. ಒಂಬತ್ತು ಪುಟ್‌ಗಳು ಕೊಡುವುದೂ ಇಷ್ಟನ್ನೇ: ಸೊನ್ನೆ ಅಥವಾ 180. ಎರಡರ ಫಲವೂ ಒಂದೇ ಆದಾಗ ಬೆಲೆಯೂ ಒಂದೇ ಆಗಿರಬೇಕು. ಇಲ್ಲದಿದ್ದರೆ ಅಗ್ಗದ್ದನ್ನು ಕೊಂಡು ದುಬಾರಿಯದನ್ನು ಮಾರಿ ಯಾರಾದರೂ ಅಪಾಯವಿಲ್ಲದೆ ಹಣ ಮಾಡಿಬಿಡುತ್ತಾರೆ. ಹಾಗಾಗಿ ಒಂಬತ್ತು ಪುಟ್‌ಗಳಿಗೆ 87.80, ಒಂದಕ್ಕೆ 9.76 ಡಾಲರ್.

ಪ್ರತಿ ಗಂಟಿನಲ್ಲೂ ಹೀಗೆ ಷೇರು ಕಡ ತರುತ್ತಾ ಕೂರಬೇಕಿಲ್ಲ. ಇದೇ ಉತ್ತರ ಕೊಡುವ ಒಂದು ಒಳದಾರಿ ಇದೆ. 125 ಮತ್ತು 80ರ ಸರಾಸರಿ 102.50, ಅಂದರೆ ಬ್ಯಾಂಕಿನಲ್ಲಿಟ್ಟ 100 ಡಾಲರ್ ಬೆಳೆದು ನಿಲ್ಲುವ ಮೊತ್ತವೇ. ಆದ್ದರಿಂದ ಈ ಮರದಲ್ಲಿ ಎರಡು ಕವಲುಗಳಿಗೂ ಸಮನಾದ ತೂಕ ಕೊಟ್ಟು ಸರಾಸರಿ ತೆಗೆದು, 1.025ರಿಂದ ಭಾಗಿಸಿದರೆ ಸಾಕು. ಸೊನ್ನೆ ಮತ್ತು 20ರ ಸರಾಸರಿ 10, ಅದನ್ನು 1.025ರಿಂದ ಭಾಗಿಸಿದರೆ 9.76. ಅರ್ಧ ಎಂಬ ಈ ತೂಕ ಷೇರು ನಿಜವಾಗಿ ಏರುವ ಸಂಭವವಲ್ಲ, ಬಡ್ಡಿ ಮತ್ತು ಏರಿಳಿತದ ಅಳತೆಗಳಿಂದ ಹುಟ್ಟಿದ ಲೆಕ್ಕದ ತೂಕ.

ಈಗ ಕೆಳಗಿನ ಗಂಟು, ಷೇರು 64 ಇರುವಲ್ಲಿ. ಮುಂದಿನ ಫಲಗಳು 20 ಮತ್ತು 48.80. ಸರಾಸರಿ 34.40, ಭಾಗಿಸಿದರೆ 33.56. ಯುರೋಪಿಯನ್ ಪುಟ್ಟಿನ ಬೆಲೆ ಇಲ್ಲಿ ಅಷ್ಟೇ. ಆದರೆ 100ಕ್ಕೆ ಮಾರುವ ಹಕ್ಕು ಇದ್ದು ಷೇರು 64 ಆಗಿರುವಾಗ, ಈಗಲೇ ಚಲಾಯಿಸಬಲ್ಲವನಿಗೆ ಸಿಗುವುದು 36. ಅಮೆರಿಕನ್ ಪುಟ್ ಇದ್ದವನು ಕಾಯುವುದಿಲ್ಲ, ಚಲಾಯಿಸುತ್ತಾನೆ. ಆ ಗಂಟಿನಲ್ಲಿ ಅವನ ಹಕ್ಕಿನ ಬೆಲೆ 33.56 ಅಲ್ಲ, 36.

ಕಾರಣ ತಿಳಿಯಲು ಷೇರನ್ನೂ ಪುಟ್ಟನ್ನೂ ಒಟ್ಟಿಗೆ ಇಟ್ಟುಕೊಂಡಿರುವ ನಮ್ಮ ಮೊದಲ ಮನುಷ್ಯನ ಬಳಿಗೆ ಹೋಗಬೇಕು. ಅವನು ಕಾದರೆ ಏನಾಗುತ್ತದೆ? ಷೇರು 80 ಆದರೆ ಪುಟ್ಟಿನಿಂದ 20, ಒಟ್ಟು 100. ಷೇರು 51.20 ಆದರೆ ಪುಟ್ಟಿನಿಂದ 48.80, ಒಟ್ಟು ಮತ್ತೆ 100. ಷೇರು ಯಾವ ಕಡೆ ಹೋದರೂ ಆರು ತಿಂಗಳ ನಂತರ ಅವನಿಗೆ ಬರುವುದು 100 ಡಾಲರ್ ಮಾತ್ರ. ಈಗಲೇ ಚಲಾಯಿಸಿದರೂ ಬರುವುದು ಅದೇ 100, ಆದರೆ ಇವತ್ತು. ಆರು ತಿಂಗಳಲ್ಲಿ ಅದು 102.50 ಆಗಿರುತ್ತದೆ. ಷೇರು ಮತ್ತೆ 100ನ್ನು ದಾಟುವ ಆಸೆಯೇ ಈ ಗಂಟಿನಲ್ಲಿ ಇಲ್ಲದಿರುವುದರಿಂದ ಕಾಯುವುದರಲ್ಲಿ ಗಳಿಕೆ ಏನೂ ಇಲ್ಲ, ಬಡ್ಡಿ ಮಾತ್ರ ಕೈತಪ್ಪುತ್ತದೆ. 36 ಮತ್ತು 33.56ರ ನಡುವಿನ 2.44 ಡಾಲರ್ ಎಂದರೆ ಆ ಎರಡೂವರೆ ಡಾಲರ್ ಬಡ್ಡಿಯ ಇವತ್ತಿನ ಬೆಲೆ.

ಒಂದು ಹೆಜ್ಜೆ ಹಿಂದಿನ 80ರ ಗಂಟಿನ ಕಥೆ ಬೇರೆ. ಅಲ್ಲೂ ಚಲಾಯಿಸಿದರೆ 20 ಡಾಲರ್ ಲಾಭ ಕಣ್ಣೆದುರೇ ಇದೆ. ಆದರೆ ಅದೇ ಮನುಷ್ಯ ಅಲ್ಲಿ ಕಾದರೆ, ಷೇರು ಇಳಿದಾಗ 64ರ ಜೊತೆ 36 ಸೇರಿ 100 ಆಗುತ್ತದೆ. ಏರಿದಾಗ 100ರ ಷೇರಿನ ಜೊತೆ ಇನ್ನೂ ಜೀವವಿರುವ, 9.76 ಬೆಲೆಯ ಪುಟ್ ಸೇರಿ 109.76 ಆಗುತ್ತದೆ. ಎರಡರ ಸರಾಸರಿ 104.88. ಚಲಾಯಿಸಿ ಬ್ಯಾಂಕಿನಲ್ಲಿಟ್ಟರೆ 102.50 ಮಾತ್ರ. ಹಾಗಾಗಿ ಇಲ್ಲಿ ಕಾಯುವುದೇ ಸರಿ. ಪುಟ್ ಕಾಯಿಸಿಕೊಳ್ಳುವುದು ಷೇರಿನ ಬೆಲೆ ಸ್ಟ್ರೈಕ್ ಬೆಲೆಯನ್ನು ದಾಟಿಹೋಗುವ ದಾರಿ ತೆರೆದಿರುವವರೆಗೆ. ಆ ದಾರಿ ಮುಚ್ಚುತ್ತಾ ಬಂದಂತೆ ಬಡ್ಡಿಯ ಮಾತು ಗಟ್ಟಿಯಾಗುತ್ತದೆ. ಲಾಭದಲ್ಲಿರುವ ಪುಟ್ಟನ್ನೆಲ್ಲ ಕೂಡಲೇ ಚಲಾಯಿಸಬೇಕೆಂದು ತಿಳಿಯುವವರು ಎಡವುವುದು ಇಂಥ 80ರ ಗಂಟಿನಲ್ಲೇ.

ಉಳಿದದ್ದು ಬರೀ ಕೂಡಿ ಭಾಗಿಸುವ ಕೆಲಸ. 80ರ ಗಂಟಿನಲ್ಲಿ ಯುರೋಪಿಯನ್ ಪುಟ್ 21.13, ಅಮೆರಿಕನ್ 22.32. 125ರ ಗಂಟಿನಲ್ಲಿ ಎರಡೂ 4.76, ಅಲ್ಲಿಂದ ಹೊರಟರೆ 64ರ ಗಂಟನ್ನು ಮುಟ್ಟಲಾಗದು, ಹಾಗಾಗಿ ವ್ಯತ್ಯಾಸವೂ ಇಲ್ಲ. ಬೇರಿಗೆ ಬಂದಾಗ ಯುರೋಪಿಯನ್ ಪುಟ್ಟಿನ ಇವತ್ತಿನ ಬೆಲೆ 12.63 ಡಾಲರ್, ಅಮೆರಿಕನ್ನಿನದು 13.21. ನಡುವಿನ ಅಂತರ 58 ಸೆಂಟ್. ಅದರ ಮೂಲ ಪೂರ್ತಿ ಒಂದೇ ಗಂಟಿನಲ್ಲಿದೆ. 64ಕ್ಕೆ ತಲುಪಲು ಎರಡು ಸಲ ಇಳಿಯಬೇಕು, ಅದರ ತೂಕ ನಾಲ್ಕರಲ್ಲೊಂದು. 2.44ರ ಕಾಲು ಭಾಗ 61 ಸೆಂಟ್, ಅದರಿಂದ ಎರಡು ಹೆಜ್ಜೆಯ ಬಡ್ಡಿ ಕಳೆದರೆ 58.

ಬಡ್ಡಿಯೇ ಈ ಅಂತರದ ತಾಯಿ ಎನ್ನುವುದು ಬಡ್ಡಿ ದರ ಬದಲಿಸಿದಾಗ ಇನ್ನಷ್ಟು ನಿಚ್ಚಳವಾಗುತ್ತದೆ. ಬಡ್ಡಿ ಸೊನ್ನೆಯಾದರೆ 64ರ ಗಂಟಿನಲ್ಲಿ ಕಾದರೂ 36, ಚಲಾಯಿಸಿದರೂ 36. ಎರಡು ಪುಟ್‌ಗಳಿಗೂ ಒಂದೇ ಬೆಲೆ. ಅದೇ ಆರು ತಿಂಗಳಿಗೆ ನೂರಕ್ಕೆ ಐದು ಬಡ್ಡಿ ಎಂದಿಟ್ಟುಕೊಂಡರೆ ಕವಲುಗಳ ತೂಕ ಸಮನಾಗಿ ಉಳಿಯುವುದಿಲ್ಲ. ಏರುವ ಕವಲಿಗೆ ಒಂಬತ್ತರಲ್ಲಿ ಐದು, ಇಳಿಯುವುದಕ್ಕೆ ಒಂಬತ್ತರಲ್ಲಿ ನಾಲ್ಕು. ಆಗ 80ರ ಗಂಟಿನಲ್ಲಿ ಕಾಯುವುದರ ಬೆಲೆ 19.72ಕ್ಕೆ ಕುಸಿಯುತ್ತದೆ, ಚಲಾಯಿಸಿದರೆ 20. ಮೊದಲು ಕಾಯಬೇಕಾಗಿದ್ದ ಗಂಟಿನಲ್ಲಿ ಈಗ ಚಲಾಯಿಸಬೇಕು! ಬಡ್ಡಿ ಹೆಚ್ಚಿದಷ್ಟೂ ಮುಂದೆ ಬರುವ 100 ಡಾಲರಿನ ಇವತ್ತಿನ ಬೆಲೆ ಇಳಿಯುವುದರಿಂದ ಎರಡೂ ಪುಟ್‌ಗಳು ಅಗ್ಗವಾಗುತ್ತವೆ. ಆದರೆ ಯುರೋಪಿಯನ್ 9.39ಕ್ಕೆ ಇಳಿದರೆ ಅಮೆರಿಕನ್ 10.36ರಲ್ಲಿ ನಿಲ್ಲುತ್ತದೆ, ಅಂತರ 58 ಸೆಂಟಿನಿಂದ 97ಕ್ಕೆ ಹಿಗ್ಗುತ್ತದೆ.

ಡಿವಿಡೆಂಡ್ ಇದಕ್ಕೆ ಎದುರು ದಿಕ್ಕಿನಲ್ಲಿ ಎಳೆಯುತ್ತದೆ. ಮೊದಲಿನ ಎರಡೂವರೆ ಬಡ್ಡಿಗೇ ಮರಳಿ, ಕೊನೆಯ ಹೆಜ್ಜೆಯ ತುದಿಯಲ್ಲಿ ಕಂಪನಿ 3 ಡಾಲರ್ ಡಿವಿಡೆಂಡ್ ಕೊಡುತ್ತದೆ ಎನ್ನೋಣ. ಕೊಟ್ಟ ಮೇಲೆ ಷೇರಿನ ಬೆಲೆ ಅಷ್ಟು ತಗ್ಗುತ್ತದೆ, ಪುಟ್ಟಿನ ಫಲ ಅಷ್ಟು ಏರುತ್ತದೆ: 20ರ ಬದಲು 23, 48.80ರ ಬದಲು 51.80. ಆಗ 64ರ ಗಂಟಿನಲ್ಲಿ ಕಾಯುವುದರ ಬೆಲೆ 36.49. ಚಲಾಯಿಸಿದರೆ ಸಿಗುವುದು ಅದೇ 36. ಕೈಗೆ ಬರಬೇಕಾದ ಡಿವಿಡೆಂಡ್ ಕೈತಪ್ಪುವ ಬಡ್ಡಿಗಿಂತ ದೊಡ್ಡದಾದ್ದರಿಂದ ಈಗ ಕಾಯಬೇಕು. ಅಮೆರಿಕದ ಪೇಟೆಯಲ್ಲಿ ಆಳವಾಗಿ ಲಾಭದಲ್ಲಿರುವ ಪುಟ್ ಹಿಡಿದವರು ಚಲಾಯಿಸುವ ಮುನ್ನ ಮುಂದಿನ ಡಿವಿಡೆಂಡ್ ದಿನಾಂಕ ನೋಡುವುದು ಇದಕ್ಕೇ.

ಮೂರು ಹೆಜ್ಜೆಯ ಮರದಿಂದ ವಿಷಯ ಅರ್ಥವಾಗುತ್ತದೆ, ಆದರೆ ಅದರ ಉತ್ತರವನ್ನು ಹಿಡಿದು ವ್ಯಾಪಾರಕ್ಕೆ ಇಳಿಯಲಾಗದು. ಇದೇ ಏರಿಳಿತ, ಇದೇ ಬಡ್ಡಿಯನ್ನು ಬ್ಲಾಕ್-ಷೋಲ್ಸ್ ಸೂತ್ರಕ್ಕೆ ಹಾಕಿದರೆ ಯುರೋಪಿಯನ್ ಪುಟ್ಟಿಗೆ 11.47 ಬರುತ್ತದೆ. ನಮ್ಮ ಮರ ಹೇಳಿದ್ದು 12.63. ಅಂದರೆ ಮರದ ತಪ್ಪು 1.16 ಡಾಲರ್, ನಾವು ಹುಡುಕುತ್ತಿರುವ 58 ಸೆಂಟಿನ ಎರಡು ಪಟ್ಟು! ಹೆಜ್ಜೆಗಳನ್ನು ಸಣ್ಣದು ಮಾಡಿ ಸಂಖ್ಯೆ ಹೆಚ್ಚಿಸಿದಂತೆ ಮರದ ಉತ್ತರ ಸೂತ್ರದ ಉತ್ತರಕ್ಕೆ ಹತ್ತಿರವಾಗುತ್ತದೆ. ನೇರವಾಗಿ ಅಲ್ಲ, ಇಲ್ಲಿಯಂತೆ ಷೇರೂ ಸ್ಟ್ರೈಕ್ ಬೆಲೆಯೂ ಒಂದೇ ಇರುವಾಗ ಬೆಸ ಸಂಖ್ಯೆಯ ಹೆಜ್ಜೆಗೆ ಮೇಲೆ, ಸಮ ಸಂಖ್ಯೆಗೆ ಕೆಳಗೆ ಎಂದು ಉಯ್ಯಾಲೆಯಾಡುತ್ತಾ ಹತ್ತಿರವಾಗುತ್ತದೆ. ಮೂರೇ ಹೆಜ್ಜೆ ಇದ್ದಾಗ ಇನ್ನೊಂದು ಕೊರತೆಯೂ ಇದೆ: ಆರು ತಿಂಗಳಿಗೊಮ್ಮೆ ಮಾತ್ರ ಚಲಾಯಿಸಬಹುದೆಂದು ಮರ ಭಾವಿಸುತ್ತದೆ, ನಿಜವಾದ ಅಮೆರಿಕನ್ ಪುಟ್ಟಿಗೆ ವ್ಯವಹಾರದ ಪ್ರತಿ ದಿನವೂ ಬಾಗಿಲು ತೆರೆದೇ ಇರುತ್ತದೆ.

ಇದಕ್ಕೆ ಜಾನ್ ಹಲ್ ಮತ್ತು ಅಲನ್ ವೈಟ್ 1988ರಲ್ಲಿ ತೋರಿಸಿದ ಉಪಾಯ ಬಹಳ ಚೆಂದದ್ದು. ಒಂದೇ ಮರದಲ್ಲಿ ಎರಡೂ ಪುಟ್‌ಗಳ ಬೆಲೆ ಕಟ್ಟಿದಾಗ ಮರದ ತಪ್ಪು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಇರುತ್ತದೆ. ಹಾಗಾಗಿ ಮರದಿಂದ ಅಂತರವನ್ನಷ್ಟೇ ಎತ್ತಿಕೊಂಡು ಸೂತ್ರ ಕೊಟ್ಟ ನಿಖರವಾದ ಯುರೋಪಿಯನ್ ಬೆಲೆಗೆ ಕೂಡಿಸಬೇಕು. ನಮ್ಮ ಉದಾಹರಣೆಯಲ್ಲಿ 11.47ಕ್ಕೆ 58 ಸೆಂಟ್ ಕೂಡಿಸಿದರೆ 12.05. ಕೈಲೆಕ್ಕದ ಪುಟ್ಟ ಮರ ಹೇಳಿದ 13.21ಕ್ಕಿಂತ ಇದು ನಂಬಲು ಎಷ್ಟೋ ಯೋಗ್ಯವಾದ ಅಂದಾಜು.

ಸ್ಪ್ರೆಡ್‌ಶೀಟಿನಲ್ಲಿ ಈ ಮರ ಕಟ್ಟುವವರು ಮಾಡುವ ಒಂದು ತಪ್ಪು ಮೇಲ್ನೋಟಕ್ಕೆ ಕಾಣುವುದೇ ಇಲ್ಲ. ಮೊದಲು ಯುರೋಪಿಯನ್ ಬೆಲೆಯನ್ನು ಬೇರಿನವರೆಗೆ ಲೆಕ್ಕ ಹಾಕಿ, ಆಮೇಲೆ ಒಂದೊಂದು ಗಂಟಿನಲ್ಲೂ ಅದನ್ನು ಚಲಾಯಿಸಿದ ಬೆಲೆಯೊಡನೆ ಹೋಲಿಸಿ ದೊಡ್ಡದನ್ನು ಬರೆಯುತ್ತಾರೆ. 64ರ ಗಂಟಿನಲ್ಲಿ 36 ಎಂದು ಸರಿಯಾಗಿಯೇ ಬರುತ್ತದೆ. ಆದರೆ 80ರ ಗಂಟಿನಲ್ಲಿ ಹಳೆಯ 21.13 ಹಾಗೆಯೇ ಉಳಿದುಬಿಡುತ್ತದೆ, ಬೇರಿನಲ್ಲಿ 12.63 ಉಳಿಯುತ್ತದೆ, ಅಮೆರಿಕನ್ ಪುಟ್ಟಿಗೆ ಹೆಚ್ಚುವರಿ ಬೆಲೆಯೇ ಇಲ್ಲವೆಂಬ ತೀರ್ಮಾನಕ್ಕೆ ಬರುತ್ತಾರೆ. ಹೋಲಿಸಿ ಆರಿಸಿದ 36 ಹಿಂದಿನ ಗಂಟಿನ ಲೆಕ್ಕದೊಳಕ್ಕೆ ಹೋಗಲೇಬೇಕು. ಮರ ಸರಿಯಾಗಿದೆಯೇ ಎಂದು ತಿಳಿಯಲು ಬಡ್ಡಿಯನ್ನು ಸೊನ್ನೆ ಮಾಡಿ, ಕವಲುಗಳ ತೂಕವನ್ನೂ ಅದಕ್ಕೆ ತಕ್ಕಂತೆ ಬದಲಿಸಿ ನೋಡಬಹುದು, ಎರಡೂ ಬೆಲೆ ಒಂದಾಗಬೇಕು. ಮತ್ತೆ ಬಡ್ಡಿ ಹಾಕಿದಾಗ ಯಾವ ಗಂಟಿನಲ್ಲೂ ಅಮೆರಿಕನ್ ಬೆಲೆ ಚಲಾಯಿಸಿದ ಬೆಲೆಗಿಂತ ಕೆಳಗಿರಬಾರದು.

ಭಾರತದ ಪೇಟೆ ಈ ಎರಡೂ ಬಗೆಯನ್ನು ಕಂಡಿದೆ. ನ್ಯಾಷನಲ್ ಸ್ಟಾಕ್ ಎಕ್ಸ್‌ಚೇಂಜಿನಲ್ಲಿ 2001ರ ಜುಲೈಯಲ್ಲಿ ಬಿಡಿ ಷೇರುಗಳ ಆಪ್ಷನ್ ಶುರುವಾದಾಗ ಅವು ಅಮೆರಿಕನ್ ಬಗೆಯವಾಗಿದ್ದವು. 2011ರ ಜನವರಿಯಿಂದ ಅವನ್ನು ಯುರೋಪಿಯನ್ ಬಗೆಗೆ ಬದಲಿಸಲಾಯಿತು. ನಿಫ್ಟಿ ಸೂಚ್ಯಂಕದ ಆಪ್ಷನ್‌ಗಳು ಮೊದಲಿನಿಂದಲೂ ಯುರೋಪಿಯನ್ನೇ. ಹಾಗಾಗಿ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು ಇವತ್ತು ಪುಟ್ ಕೊಳ್ಳುವವರಿಗೆ 64ರ ಗಂಟಿನಲ್ಲಿ ಚಲಾಯಿಸುವ ಬಾಗಿಲು ಮುಚ್ಚಿದೆ. ಹೊರಬರಬೇಕೆಂದರೆ ಪೇಟೆಯಲ್ಲಿ ಆ ಪುಟ್ಟನ್ನೇ ಮಾರಬೇಕು. 1000 ರೂಪಾಯಿ ಸ್ಟ್ರೈಕ್ ಬೆಲೆಯ ಪುಟ್, ಷೇರು 640ಕ್ಕೆ ಕುಸಿದಿದೆ, ತಿಂಗಳು ಬಾಕಿ ಇದೆ, ಬಡ್ಡಿ ವರ್ಷಕ್ಕೆ ನೂರಕ್ಕೆ ಆರು, ಡಿವಿಡೆಂಡ್ ಇಲ್ಲ ಎನ್ನೋಣ. ಷೇರು 1000ವನ್ನು ಮತ್ತೆ ಮುಟ್ಟುವ ಸಂಭವ ಇಲ್ಲವೆನ್ನುವಷ್ಟು ಕಡಿಮೆಯಾದರೆ ಆ ಪುಟ್ಟಿನ ಲೆಕ್ಕದ ಬೆಲೆ 360 ಅಲ್ಲ, ಸುಮಾರು 355. ತೆರೆಯ ಮೇಲೆ 355 ಕಂಡು, ಐದು ರೂಪಾಯಿ ಅಗ್ಗಕ್ಕೆ ಸಿಕ್ಕಿತೆಂದು ಕೊಂಡವನು ಕೊನೆಯ ದಿನದವರೆಗೆ ಕಾದಾಗ ಆ ಐದು ರೂಪಾಯಿ ಸಿಗುತ್ತದೆ. ಅದು 1000 ರೂಪಾಯಿಯ ಒಂದು ತಿಂಗಳ ಬಡ್ಡಿ.